ಫ್ರೀಲಾನ್ಸ್ ಕೆಲಸ: ಕೊಟ್ಟವರು ಯಾರು, ಒಪ್ಪಿಸಿದ್ದೇನು, ಯಾವಾಗ?

(ಅನುವಾದ, ಪುಟವಿನ್ಯಾಸ ಮತ್ತು ಕರಡು ತಿದ್ದುವ ಕೆಲಸ ಮಾಡುವವರ ಕಾರ್ಯಾಗಾರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅನುವಾದಕರನ್ನೂ ಕರಡು ತಿದ್ದುವವರನ್ನೂ ಆರಿಸುವುದು ನನ್ನ ಕೆಲಸದ ಒಂದು ಭಾಗ. ಹಾಗಾಗಿ ನಿಮ್ಮಂಥವರ ಬಯೋಡೇಟಾಗಳನ್ನು ಓದುತ್ತಲೇ ಇರುತ್ತೇನೆ. ಅವುಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಎದುರಾಗುತ್ತದೆ: "2019ರಿಂದ ಫ್ರೀಲಾನ್ಸರ್. ಹಲವು ಸಂಸ್ಥೆಗಳಿಗೆ ಅನುವಾದ, ಡಿಟಿಪಿ, ಪ್ರೂಫ್ ಕೆಲಸ ಮಾಡಿಕೊಟ್ಟಿದ್ದೇನೆ." ಅಷ್ಟೇ. ಅದರ ಕೆಳಗೆ ನೋಡಿದರೆ, ಅದಕ್ಕೂ ಮೊದಲು ಎರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದರ ವಿವರ ಅರ್ಧ ಪುಟ ಇರುತ್ತದೆ. ಶಾಲೆಯ ಹೆಸರು, ಹುದ್ದೆ, ಸೇರಿದ ತಿಂಗಳು, ಬಿಟ್ಟ ತಿಂಗಳು, ಯಾವ ತರಗತಿ, ಯಾವ ವಿಷಯ, ಎಲ್ಲವೂ. ನಾಲ್ಕೈದು ವರ್ಷ ರಾತ್ರಿ ಹಗಲು ಮಾಡಿದ ಕೆಲಸಕ್ಕೆ ಎರಡು ವಾಕ್ಯ.

ಓದುವ ನನಗೆ ಆ ಎರಡು ವಾಕ್ಯದಿಂದ ಏನೂ ತಿಳಿಯುವುದಿಲ್ಲ. ಬರೆದವರು ಆ ವರ್ಷಗಳಲ್ಲಿ ಒಂದು ಪುಸ್ತಕ ಮಾಡಿದ್ದಾರೋ ನಲವತ್ತು ಮಾಡಿದ್ದಾರೋ ಗೊತ್ತಾಗುವುದಿಲ್ಲ. ಶಾಲೆಯ ಕೆಲಸ ನಿಜವಾದ ನೌಕರಿಯಂತೆ ಕಾಣುವುದು ಅಲ್ಲಿ ಸಂಬಳ ಬರುತ್ತಿತ್ತು ಎಂಬ ಕಾರಣಕ್ಕಲ್ಲ. ಯಾರಿಗಾಗಿ, ಏನು, ಎಂದಿನಿಂದ ಎಂದಿನವರೆಗೆ ಎಂಬ ಮೂರಕ್ಕೂ ಅಲ್ಲಿ ಉತ್ತರ ಇರುತ್ತದೆ. ಸ್ವಂತ ಕೆಲಸದಲ್ಲೂ ಈ ಮೂರಕ್ಕೆ ಉತ್ತರ ಇದ್ದೇ ಇದೆ. ಆದರೆ ಅದು ನಿಮ್ಮ ಮೇಲ್‌ಬಾಕ್ಸ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ, ವಾಟ್ಸಾಪ್‌ನಲ್ಲಿ ಚೆದುರಿಹೋಗಿರುತ್ತದೆ. ಅದನ್ನು ಒಂದೆಡೆ ತಂದು ಬರೆಯುವುದು ಹೇಗೆ ಎಂಬುದಷ್ಟೇ ಇವತ್ತಿನ ಮಾತು.

ಒಂದು ಮಾದರಿ ಪ್ರಕರಣ ಇಟ್ಟುಕೊಳ್ಳೋಣ. ಇದು ಯಾವುದೋ ಒಬ್ಬರ ಕಥೆಯಲ್ಲ. ನಾನು ನೋಡಿದ ಹಲವರ ಕಾಗದಪತ್ರಗಳಲ್ಲಿ ಕಂಡದ್ದನ್ನು ಸೇರಿಸಿ ಇವತ್ತಿಗಾಗಿ ಕಟ್ಟಿಕೊಂಡದ್ದು, ಅಂಕಿಗಳೂ ಹಾಗೆಯೇ. ಶಿವಮೊಗ್ಗದ ಒಬ್ಬ ಹೆಣ್ಣುಮಗಳು. ಮಾರ್ಚ್ 2019ರಲ್ಲಿ ಶಾಲೆಯ ಕೆಲಸ ಬಿಟ್ಟರು. ಆಗಸ್ಟ್ 2019ರಿಂದ ಬೆಂಗಳೂರಿನ ಒಂದು ಅನುವಾದ ಏಜೆನ್ಸಿಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡತೊಡಗಿದರು. ನಡುವೆ ಮೈಸೂರಿನ ಒಂದು ಪ್ರಕಾಶನಕ್ಕೆ ಮೂರು ಪುಸ್ತಕಗಳ ಪುಟವಿನ್ಯಾಸ ಮಾಡಿದರು. ಒಂದು ಸಾಕ್ಷ್ಯಚಿತ್ರಕ್ಕೆ ಸಬ್‌ಟೈಟಲ್ ಬರೆದರು. ಊರಿನ ಮುದ್ರಣಾಲಯಕ್ಕೆ ಲಗ್ನಪತ್ರಿಕೆ, ಕರಪತ್ರ ಜೋಡಿಸಿಕೊಟ್ಟರು. 2021ರಲ್ಲಿ ಹೆರಿಗೆಯ ಸಮಯದಲ್ಲಿ ಎಂಟು ತಿಂಗಳು ಏನೂ ಮಾಡಲಿಲ್ಲ. 2023ರ ಕೊನೆಯಲ್ಲಿ ಒಂದು ಕಂಪನಿಯ ಕನ್ನಡ ವಿಭಾಗದಲ್ಲಿ ಪೂರ್ಣಾವಧಿ ಕೆಲಸಕ್ಕೆ ಅರ್ಜಿ ಹಾಕಬೇಕು. ಎಲ್ಲಿಂದ ಶುರು ಮಾಡಬೇಕು?

ಬಯೋಡೇಟಾದಿಂದ ಅಲ್ಲ, ಪಟ್ಟಿಯಿಂದ. ಒಂದು ಎಕ್ಸೆಲ್ ಹಾಳೆ ತೆರೆದು, ಒಂದು ಕೆಲಸಕ್ಕೆ ಒಂದು ಸಾಲಿನಂತೆ ತುಂಬಬೇಕು. ಕೆಲಸ ಬಂದ ತಾರೀಖು, ಕೊಡಬೇಕಿದ್ದ ತಾರೀಖು, ಕೊಟ್ಟ ತಾರೀಖು. ಕೊಟ್ಟವರು ಯಾರು. ಏನು, ಎಷ್ಟು. ಬಿಲ್ ಮಾಡಿದ್ದು ಯಾವಾಗ, ಹಣ ಬಂದದ್ದು ಯಾವಾಗ. ಕೊನೆಯ ಕಾಲಮ್ಮಿನಲ್ಲಿ, ಇದಕ್ಕೆ ನನ್ನ ಬಳಿ ಇರುವ ಕಾಗದ ಯಾವುದು ಎಂದು ಬರೆಯಬೇಕು. ಏಜೆನ್ಸಿ ಕೆಲಸಕ್ಕಾದರೆ ಪರ್ಚೇಸ್ ಆರ್ಡರ್ ಇರುತ್ತದೆ. ಪದಗಳ ಸಂಖ್ಯೆ, ದರ, ಗಡುವು ಮೂರೂ ಅದರಲ್ಲೇ ಸಿಗುತ್ತವೆ. ಪ್ರಕಾಶಕರಾದರೆ ಬಹುತೇಕ ಫೋನಿನಲ್ಲೇ ಮಾತು ಮುಗಿದಿರುತ್ತದೆ, ಆದರೆ ಪಿಡಿಎಫ್ ಕಳಿಸಿದ ಮೇಲ್ ಇರುತ್ತದೆ. ಮೇಲ್‌ಬಾಕ್ಸ್‌ನ ಸೆಂಟ್ ಫೋಲ್ಡರಿನಲ್ಲಿ ಅಟ್ಯಾಚ್‌ಮೆಂಟ್ ಇರುವ ಮೇಲ್‌ಗಳನ್ನಷ್ಟೇ ಹುಡುಕಿದರೆ ನೀವು ಏನೇನು ಒಪ್ಪಿಸಿದ್ದೀರಿ ಎಂಬುದರ ದಿನಚರಿಯೇ ಹೊರಬರುತ್ತದೆ. ಜಿಮೇಲ್ ಆದರೆ ಹುಡುಕುವ ಜಾಗದಲ್ಲಿ ಹೀಗೆ ಟೈಪ್ ಮಾಡಿ:

```
in:sent has:attachment after:2019/08/01 before:2020/04/01
```

ಒಂದೊಂದು ವರ್ಷದಂತೆ ನೋಡುತ್ತ ಹೋದರೆ ಎರಡು ಮೂರು ಸಂಜೆಗಳಲ್ಲಿ ಮುಗಿಯುತ್ತದೆ. ಬೇಸರದ ಕೆಲಸ ನಿಜ. ಆದರೆ ಈ ಪಟ್ಟಿ ಇಲ್ಲದೆ ಬರೆದ ಬಯೋಡೇಟಾದಲ್ಲಿ ಅಂಕಿಗಳೆಲ್ಲ ಅಂದಾಜು ಆಗಿರುತ್ತವೆ, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅಂದಾಜು ಅಲುಗಾಡುತ್ತದೆ.

ಈಗ ತಾರೀಖಿಗೆ ಬರೋಣ. ನಾನು ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೆಚ್ಚು ಗೊಂದಲ ಆಗುವುದು ಇಲ್ಲೇ.

ಮೊದಲನೆಯದು, ನಿಮ್ಮ ಸ್ವಂತ ಕೆಲಸ ಯಾವಾಗ ಶುರುವಾಯಿತು? ಹಳೆಯ ಕೆಲಸ ಬಿಟ್ಟ ಮರುದಿನ ಎಂದು ಬರೆಯುವವರೇ ಹೆಚ್ಚು. ನಮ್ಮ ಮಾದರಿಯಲ್ಲಿ ಆಕೆ ಶಾಲೆ ಬಿಟ್ಟದ್ದು ಮಾರ್ಚ್‌ನಲ್ಲಿ, ಮೊದಲ ಕೆಲಸ ಸಿಕ್ಕಿದ್ದು ಆಗಸ್ಟ್‌ನಲ್ಲಿ. "ಏಪ್ರಿಲ್ 2019ರಿಂದ" ಎಂದು ಬರೆದರೆ ಬಯೋಡೇಟಾದಲ್ಲಿ ಬಿಡುವು ಕಾಣುವುದಿಲ್ಲ, ನೋಡಲು ಚೆನ್ನಾಗಿರುತ್ತದೆ. ಆದರೆ ಏಪ್ರಿಲಿನಿಂದ ಜುಲೈವರೆಗಿನ ಒಂದೇ ಒಂದು ಬಿಲ್ ತೋರಿಸಿ ಎಂದರೆ ತೋರಿಸಲು ಏನೂ ಇಲ್ಲ. ಹಣ ಪಡೆದು ಮಾಡಿದ ಮೊದಲ ಕೆಲಸ ಕೈಗೆ ಬಂದ ತಿಂಗಳೇ ಆರಂಭದ ತಿಂಗಳು. ಆಗಸ್ಟ್ 2019 ಎಂದು ಬರೆಯಿರಿ. ನಾಲ್ಕು ತಿಂಗಳ ಖಾಲಿ ಜಾಗ ಯಾರ ಕೆಲಸವನ್ನೂ ತಪ್ಪಿಸುವುದಿಲ್ಲ. ತಾಳೆಯಾಗದ ತಾರೀಖು ತಪ್ಪಿಸುತ್ತದೆ.

ಎರಡನೆಯದು ಆದಾಯ ತೆರಿಗೆಯ ವರ್ಷದ ಲೆಕ್ಕ. ಈವರೆಗೆ ನಾವು ತುಂಬುತ್ತ ಬಂದ ರಿಟರ್ನ್ಸ್‌ನ ಮೇಲ್ಭಾಗದಲ್ಲಿ ಕಾಣುವುದು ಅಸೆಸ್‌ಮೆಂಟ್ ವರ್ಷ. ಅದು ಗಳಿಸಿದ ವರ್ಷವಲ್ಲ, ಅದರ ಮುಂದಿನದು. 2019ರ ಏಪ್ರಿಲಿನಿಂದ 2020ರ ಮಾರ್ಚ್‌ವರೆಗೆ ಗಳಿಸಿದ್ದಕ್ಕೆ ಅಸೆಸ್‌ಮೆಂಟ್ ವರ್ಷ 2020-21. ರಿಟರ್ನ್ಸ್ ಮುಂದಿಟ್ಟುಕೊಂಡು ಬಯೋಡೇಟಾ ಬರೆಯುವವರು ಆ ಅಂಕಿಯನ್ನೇ ನಕಲು ಮಾಡುತ್ತಾರೆ. ಅವರ ಇಡೀ ಅನುಭವ ಒಂದು ವರ್ಷ ಮುಂದಕ್ಕೆ ಸರಿದುಬಿಡುತ್ತದೆ.

ಅದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ನಮ್ಮ ಮಾದರಿಯ ಅನುವಾದಕಿ 2020ರ ಫೆಬ್ರುವರಿಯಲ್ಲಿ ಒಂದು ವಿಮೆ ಕಂಪನಿಯ ಕೈಪಿಡಿಯನ್ನು ಅನುವಾದಿಸಿ ಮಾರ್ಚ್ 6ರಂದು ಒಪ್ಪಿಸಿದರು, ಮಾರ್ಚ್ 20ಕ್ಕೆ ಬಿಲ್ ಕಳಿಸಿದರು ಎಂದಿಟ್ಟುಕೊಳ್ಳಿ. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಏಜೆನ್ಸಿ ಹಣ ಹಾಕಿದ್ದು ಜೂನ್‌ನಲ್ಲಿ, ಟಿಡಿಎಸ್ ಹಿಡಿದದ್ದೂ ಆಗಲೇ. ಹಾಗಾದಾಗ ಆಕೆಯ ತೆರಿಗೆ ದಾಖಲೆ, ಅಂದರೆ ನಾವೆಲ್ಲ 26AS ಎಂದು ಕರೆಯುತ್ತ ಬಂದ ಹಾಳೆಯಲ್ಲಿ ಈ ಕೆಲಸ ಜೂನ್ 2020ರ ತಾರೀಖಿನಲ್ಲಿ ಕಾಣುತ್ತದೆ. ಹಣಕಾಸು ವರ್ಷ 2020-21, ಅಸೆಸ್‌ಮೆಂಟ್ ವರ್ಷ 2021-22. ಫೆಬ್ರುವರಿ 2020ರಲ್ಲಿ ಕೂತು ಮಾಡಿದ ಕೆಲಸ ಕಾಗದದಲ್ಲಿ 2021-22ರ ಹೆಸರಿನಡಿ ಕೂತಿದೆ.

ಹಾಗಾದರೆ ಬಯೋಡೇಟಾದಲ್ಲಿ ಯಾವ ತಾರೀಖು ಬರೆಯಬೇಕು? ಕೆಲಸ ಮಾಡಿದ ತಾರೀಖು, ಬೇರೆ ಯಾವುದೂ ಅಲ್ಲ. ಹಣ ಬಂದ ತಾರೀಖು ಗಿರಾಕಿಯ ಅನುಕೂಲದ ಮೇಲೆ ನಿಂತಿದೆ. ತೆರಿಗೆಯ ತಾರೀಖು ಅದರ ಬಾಲ ಹಿಡಿದು ಬರುತ್ತದೆ. ಆದರೆ ಪರಿಶೀಲನೆಗೆ ಕಾಗದ ಕೊಡುವಾಗ 26AS ಒಂದನ್ನೇ ಕೊಟ್ಟು ಕೂರಬೇಡಿ. ಅದೇ ಕೆಲಸದ ಬಿಲ್ಲನ್ನೂ ಜೊತೆಗಿಡಿ. ಬಿಲ್ಲಿನಲ್ಲಿ "ಕೆಲಸದ ಅವಧಿ: ಫೆಬ್ರುವರಿ 10ರಿಂದ ಮಾರ್ಚ್ 6" ಎಂದು ಒಂದು ಸಾಲಿದ್ದರೆ ಎರಡು ಕಾಗದಗಳ ನಡುವಿನ ಅಂತರ ತಾನಾಗಿ ಅರ್ಥವಾಗುತ್ತದೆ. ಈ ಸಾಲು ಸಾಮಾನ್ಯವಾಗಿ ನಮ್ಮ ಬಿಲ್ಲುಗಳಲ್ಲಿ ಇರುವುದಿಲ್ಲ. ನಾಳೆ ಕಳಿಸುವ ಬಿಲ್ಲಿನಿಂದಲೇ ಸೇರಿಸಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಮೂರನೆಯದು, ಆಗೊಮ್ಮೆ ಈಗೊಮ್ಮೆ ಕೆಲಸ ಕೊಟ್ಟ ಗಿರಾಕಿ. ಮೈಸೂರಿನ ಪ್ರಕಾಶನ ಈಕೆಗೆ 2020ರಲ್ಲಿ ಒಂದು ಪುಸ್ತಕ ಕೊಟ್ಟಿತು, 2022ರಲ್ಲಿ ಇನ್ನೊಂದು, 2023ರಲ್ಲಿ ಮತ್ತೊಂದು. "2020–2023: ಪ್ರಕಾಶನಕ್ಕೆ ಪುಟವಿನ್ಯಾಸ" ಎಂದು ಬರೆದರೆ ನಾಲ್ಕು ವರ್ಷ ಬಿಡದೆ ಮಾಡಿದಂತೆ ಓದಿಸುತ್ತದೆ. ಯಾರಾದರೂ ಪ್ರಕಾಶಕರಿಗೆ ಫೋನ್ ಮಾಡಿ ಕೇಳಿದರೆ ಅವರು, "ಹೌದು, ಮೂರು ಪುಸ್ತಕ ಮಾಡಿಕೊಟ್ಟಿದ್ದಾರೆ" ಎನ್ನುತ್ತಾರೆ. ಅವರು ಹೇಳಿದ್ದೂ ಸರಿ, ಆದರೆ ಕೇಳಿದವರ ಮನಸ್ಸಿನಲ್ಲಿ ನೀವು ಉಬ್ಬಿಸಿ ಬರೆದವರಾದಿರಿ. ಮೂರು ಪುಸ್ತಕಕ್ಕೆ ಮೂರು ತಾರೀಖು ಹಾಕಿ. ಮೂರು ಸಲ ಕರೆದು ಕೊಟ್ಟರು ಎಂಬುದೇ ನಾಲ್ಕು ವರ್ಷ ಎಂಬುದಕ್ಕಿಂತ ದೊಡ್ಡ ಮಾತು, ಏಕೆಂದರೆ ಮೊದಲ ಕೆಲಸ ಹಿಡಿಸದಿದ್ದರೆ ಎರಡನೆಯದು ಬರುವುದೇ ಇಲ್ಲ.

ಹೆರಿಗೆಯ ಎಂಟು ತಿಂಗಳು? ಬಿಡುವು ಎಂದೇ ಬರೆಯಿರಿ. ಕಾರಣ ಬರೆಯುವ ಅಗತ್ಯವಿಲ್ಲ. ನೌಕರಿಯಲ್ಲಿದ್ದವರಿಗೆ ಹೆರಿಗೆ ರಜೆ ಸೇವಾವಧಿಯೊಳಗೇ ಸೇರಿಹೋಗುತ್ತದೆ, ನಮಗೆ ಆ ಸೌಲಭ್ಯ ಇಲ್ಲ. ಇದು ಅನ್ಯಾಯ ಎಂದು ನನಗೂ ಅನ್ನಿಸುತ್ತದೆ. ಆದರೂ ಆ ತಿಂಗಳುಗಳನ್ನು ಮುಚ್ಚಿ ಬರೆಯುವುದಕ್ಕಿಂತ ತೆರೆದು ಬರೆಯುವುದೇ ನಿಮಗೆ ಕ್ಷೇಮ. ಉಳಿದ ತಿಂಗಳುಗಳ ತಾರೀಖು ಅಷ್ಟರಮಟ್ಟಿಗೆ ಗಟ್ಟಿಯಾಗುತ್ತದೆ.

ಇನ್ನು ಗಿರಾಕಿ. ನಿಮ್ಮ ಗಿರಾಕಿ ಯಾರು ಎಂದರೆ, ನಿಮ್ಮ ಬಿಲ್ ಯಾರ ಹೆಸರಿಗೆ ಹೋಗುತ್ತದೋ ಅವರು. ಆ ಏಜೆನ್ಸಿಯ ಮೂಲಕ ಒಂದು ದೊಡ್ಡ ಬ್ಯಾಂಕಿನ ಆ್ಯಪ್‌ಗೆ ಕನ್ನಡ ಬರೆದಿರುತ್ತೀರಿ. ಬಯೋಡೇಟಾದಲ್ಲಿ ಬ್ಯಾಂಕಿನ ಹೆಸರು ಹಾಕಲು ಕೈ ತುರಿಸುತ್ತದೆ. ಆದರೆ ಬ್ಯಾಂಕಿನಲ್ಲಿ ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ಪರಿಶೀಲನೆಯವರು ಅಲ್ಲಿ ಕೇಳಿದರೆ "ಅಂಥವರು ಯಾರೂ ಇಲ್ಲ" ಎಂದೇ ಉತ್ತರ ಬರುತ್ತದೆ. ಗಿರಾಕಿಯ ಜಾಗದಲ್ಲಿ ಏಜೆನ್ಸಿಯ ಹೆಸರು ಇರಲಿ. ಕೆಲಸದ ವಿವರದಲ್ಲಿ "ಬ್ಯಾಂಕಿಂಗ್ ಆ್ಯಪ್‌ನ ಪಠ್ಯ" ಎಂದು ಬರಲಿ.

ಗೋಪ್ಯತೆಯ ಕರಾರಿಗೆ, ಅಂದರೆ ಎನ್‌ಡಿಎಗೆ ಸಹಿ ಹಾಕಿದ್ದೇನೆ, ಏನೂ ಹೇಳುವಂತಿಲ್ಲ ಎಂದು ಹಲವರು ಇಡೀ ಕೆಲಸವನ್ನೇ ಕೈಬಿಡುತ್ತಾರೆ. ಕರಾರನ್ನು ಇನ್ನೊಮ್ಮೆ ಓದಿ. ಹೆಚ್ಚಿನವು ಕಡತದ ಒಳಗಿನ ವಿಷಯವನ್ನೂ ಕೊನೆಯ ಗಿರಾಕಿಯ ಹೆಸರನ್ನೂ ಕಾಪಾಡುವುದಕ್ಕೆ ಇರುವಂಥವು. ಕೆಲವು ಏಜೆನ್ಸಿಯ ಹೆಸರನ್ನೂ ಹೇಳಬಾರದು ಎನ್ನುತ್ತವೆ. ಅಂಥಲ್ಲಿ "ಬೆಂಗಳೂರಿನ ಅನುವಾದ ಏಜೆನ್ಸಿ, ಹೆಸರು ಕರಾರಿನ ಕಾರಣ ಕೊಟ್ಟಿಲ್ಲ" ಎಂದು ಬರೆದರೆ ಸಾಕು, ಈ ಕ್ಷೇತ್ರದವರಿಗೆ ಅದು ಹೊಸದಲ್ಲ. ಅನುಮಾನವಿದ್ದರೆ ನಿಮಗೆ ಕೆಲಸ ಹಂಚುತ್ತಿದ್ದ ಕೋಆರ್ಡಿನೇಟರ್‌ಗೆ ಒಂದು ಮೇಲ್ ಹಾಕಿ: "ಮೇಡಂ, ನಾನು ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ನಿಮ್ಮ ಸಂಸ್ಥೆಗೆ ಆಗಸ್ಟ್ 2019ರಿಂದ ಅನುವಾದ ಮಾಡಿದ್ದೇನೆ ಎಂದು ಬಯೋಡೇಟಾದಲ್ಲಿ ಹೆಸರು ಹಾಕಬಹುದೇ? ಯಾವ ಗಿರಾಕಿಯ ಹೆಸರನ್ನೂ ಬಳಸುವುದಿಲ್ಲ." ಬಹಳ ಸಲ "ಖಂಡಿತ" ಎಂದೇ ಉತ್ತರ ಬರುತ್ತದೆ. ಆ ಉತ್ತರವನ್ನು ಅಳಿಸಬೇಡಿ. ಅದೂ ಒಂದು ದಾಖಲೆ.

ಏನು ಒಪ್ಪಿಸಿದಿರಿ ಎಂಬುದಕ್ಕೆ ಬಂದರೆ, ಅಳತೆ ಇಲ್ಲದ ಕೆಲಸ ನಮ್ಮಲ್ಲಿ ಯಾವುದೂ ಇಲ್ಲ. ಅನುವಾದಕ್ಕೆ ಪದ, ಪುಸ್ತಕಕ್ಕೆ ಪುಟ ಅಥವಾ ಫಾರಂ, ಸಬ್‌ಟೈಟಲ್‌ಗೆ ಚಿತ್ರದ ನಿಮಿಷ. ಆದರೆ ಅಳತೆಯನ್ನು ಯಾವ ಕಡೆಯಿಂದ ಅಳೆದಿರಿ ಎಂಬುದನ್ನೂ ಹೇಳಬೇಕು. ಅನುವಾದದಲ್ಲಿ ಬಿಲ್ ಆಗುವುದು ಸಾಮಾನ್ಯವಾಗಿ ಮೂಲದ ಪದಗಳಿಗೆ. ಕನ್ನಡದಲ್ಲಿ ವಿಭಕ್ತಿ, ಸಂಧಿ, ಸಮಾಸಗಳಿಂದ ಪದಗಳು ಕೂಡಿಕೊಳ್ಳುತ್ತವೆ. "ಇನ್ ದ ಹೌಸ್" ಎಂಬ ಮೂರು ಪದ "ಮನೆಯಲ್ಲಿ" ಎಂಬ ಒಂದು ಪದವಾಗುತ್ತದೆ. ಹಾಗಾಗಿ ಕನ್ನಡದ ಕಡೆಯಿಂದ ಎಣಿಸಿದವರ ಅಂಕಿ ಸಣ್ಣದಾಗಿ ಕಾಣುತ್ತದೆ. ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ಎಣಿಸಿದ್ದರೆ ನಾನು ಹೋಲಿಸಿ ನೋಡುವುದು ಹೇಗೆ? "ಮೂಲ ಇಂಗ್ಲಿಷ್ ಪದಗಳ ಲೆಕ್ಕದಲ್ಲಿ" ಎಂದು ಬರೆದುಬಿಡಿ.

ಇನ್ನೊಂದು, ಅನುವಾದ ಬೇರೆ, ಬೇರೆಯವರ ಅನುವಾದವನ್ನು ತಿದ್ದುವುದು ಬೇರೆ. ನಮ್ಮ ಮಾದರಿಯ ಪಟ್ಟಿಯಲ್ಲಿ ಏಜೆನ್ಸಿಯ ಕೆಲಸ ಒಟ್ಟು 3,60,000 ಪದ. ಅದರಲ್ಲಿ ಸ್ವತಃ ಅನುವಾದಿಸಿದ್ದು 2,40,000, ತಿದ್ದಿಕೊಟ್ಟದ್ದು 1,20,000. ಎರಡನ್ನೂ ಕೂಡಿಸಿ ಅನುವಾದ ಎಂದು ಬರೆದರೆ ಅಂಕಿ ದೊಡ್ಡದು. ಬೇರೆ ಬೇರೆ ಬರೆದರೆ ಏಜೆನ್ಸಿ ಈಕೆಯನ್ನು ಇತರರ ಕೆಲಸ ನೋಡಲು ನಂಬಿತ್ತು ಎಂಬುದು ಕಾಣುತ್ತದೆ. ನಾನಾದರೆ ಎರಡನೆಯದನ್ನೇ ಮೊದಲು ಗಮನಿಸುತ್ತೇನೆ.

ಪುಸ್ತಕದ ಕೆಲಸದಲ್ಲೂ ಹೀಗೆಯೇ. "ಡಿಟಿಪಿ ಮಾಡಿದ್ದೇನೆ" ಎಂದರೆ ಏನು? ನಮ್ಮ ಲೇಖಕರ ಹಸ್ತಪ್ರತಿಗಳು ಇವತ್ತಿಗೂ ನುಡಿಯಲ್ಲೋ ಬರಹದಲ್ಲೋ ಹಳೆಯ ಆಸ್ಕಿ ಫಾಂಟಿನಲ್ಲಿ ಬರುತ್ತವೆ. ಅದನ್ನು ಯೂನಿಕೋಡ್‌ಗೆ ಬದಲಿಸಿದಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಕಳಚುತ್ತದೆ, ಅಂಕಿಗಳು ಬೇರೆ ಏನೋ ಆಗುತ್ತವೆ. ಒಂದೊಂದು ಪುಟವನ್ನೂ ಮೂಲದೊಂದಿಗೆ ಹೋಲಿಸಿ ಸರಿಪಡಿಸಬೇಕು. ಆಮೇಲೆ ಪುಟ ಕಟ್ಟುವುದು, ಶಿರೋನಾಮೆ, ಪರಿವಿಡಿ, ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್. ಇಷ್ಟೆಲ್ಲ ಮಾಡಿದವರು "ಡಿಟಿಪಿ" ಎಂಬ ಮೂರಕ್ಷರದಲ್ಲಿ ಮುಗಿಸುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈಕೆಯ ಮೂರು ಪುಸ್ತಕ ಡೆಮಿ ಅಷ್ಟದಳದಲ್ಲಿ 192, 256, 160 ಪುಟ. ಹದಿನಾರು ಪುಟಕ್ಕೆ ಒಂದು ಫಾರಂನಂತೆ 12, 16, 10, ಒಟ್ಟು 38 ಫಾರಂ. ಪ್ರಕಾಶನದ ಕೆಲಸಕ್ಕೆ ಅರ್ಜಿಯಾದರೆ ಫಾರಂ ಲೆಕ್ಕ ಹೇಳಿ, ಬೇರೆಯವರಿಗೆ ಪುಟದ ಲೆಕ್ಕ ಸಾಕು.

ಸಬ್‌ಟೈಟಲ್‌ನಲ್ಲಿ 52 ನಿಮಿಷದ ಚಿತ್ರ ಎಂದರಷ್ಟೇ ಸಾಲದು. ಸಮಯ ಮೊದಲೇ ಹಾಕಿದ್ದ ಫೈಲಿನಲ್ಲಿ ಮಾತನ್ನಷ್ಟೇ ಕನ್ನಡಕ್ಕೆ ತಂದಿರೋ, ಅಥವಾ ಪ್ರತಿ ಸಾಲು ಯಾವ ಕ್ಷಣ ಬಂದು ಯಾವ ಕ್ಷಣ ಹೋಗಬೇಕು ಎಂಬುದನ್ನೂ ನೀವೇ ಹೊಂದಿಸಿದಿರೋ? ಎರಡನೆಯದಕ್ಕೆ ಬೇಕಾದ ಸಮಯವೂ ಕೌಶಲವೂ ಹೆಚ್ಚು. "ಸಮಯ ಹೊಂದಿಸಿದ .srt ಫೈಲ್" ಎಂದು ನಾಲ್ಕು ಪದ ಸೇರಿಸಿದರೆ ಬಲ್ಲವರಿಗೆ ಅರ್ಥವಾಗುತ್ತದೆ.

"ಗಡುವಿನೊಳಗೆ ಕೆಲಸ ಮುಗಿಸುತ್ತೇನೆ" ಎಂಬ ಮಾತು ಎಲ್ಲರ ಬಯೋಡೇಟಾದಲ್ಲೂ ಇರುತ್ತದೆ, ಯಾರೂ ನಂಬುವುದಿಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಕೊಡಬೇಕಿದ್ದ ತಾರೀಖು, ಕೊಟ್ಟ ತಾರೀಖು ಎರಡೂ ಕಾಲಮ್ ಇವೆಯಲ್ಲ? ಒಂದರಿಂದ ಒಂದನ್ನು ಕಳೆಯಿರಿ. ಏಜೆನ್ಸಿ ಕೊಟ್ಟ 140 ಕೆಲಸದಲ್ಲಿ 134 ಗಡುವಿಗೆ ಮೊದಲು ಅಥವಾ ಗಡುವಿನ ದಿನವೇ ಹೋಗಿವೆ ಎಂದು ಬಂದರೆ, ಅದನ್ನೇ ಬರೆಯಿರಿ. ಉಳಿದ ಆರರ ಬಗ್ಗೆ ಯಾರಾದರೂ ಕೇಳಿದರೆ, ನಾಲ್ಕರಲ್ಲಿ ಮೂಲ ಫೈಲೇ ತಡವಾಗಿ ಬಂತು, ಎರಡರಲ್ಲಿ ನನ್ನಿಂದ ತಡವಾಯಿತು ಎಂದು ಹೇಳಲು ನಿಮ್ಮ ಬಳಿ ಹಾಳೆ ಇದೆ.

ಇಷ್ಟಾದ ಮೇಲೆ ಬಯೋಡೇಟಾದಲ್ಲಿ ಬರೆಯುವುದು ಬಹಳ ಸಣ್ಣ ಕೆಲಸ. ನಮ್ಮ ಮಾದರಿ ಹೀಗಾಗುತ್ತದೆ:

ಅನುವಾದಕಿ ಮತ್ತು ಪುಸ್ತಕ ವಿನ್ಯಾಸಕಿ (ಸ್ವಯಂ ಉದ್ಯೋಗ), ಶಿವಮೊಗ್ಗ
ಆಗಸ್ಟ್ 2019 – ಡಿಸೆಂಬರ್ 2023 (ಮಾರ್ಚ್–ಅಕ್ಟೋಬರ್ 2021 ಬಿಡುವು)

ಅನುವಾದ ಏಜೆನ್ಸಿ, ಬೆಂಗಳೂರು (ಆಗಸ್ಟ್ 2019 – ಫೆಬ್ರುವರಿ 2021, ನವೆಂಬರ್ 2021 – ಡಿಸೆಂಬರ್ 2023): ವಿಮೆ ಮತ್ತು ಬ್ಯಾಂಕಿಂಗ್ ಪಠ್ಯ, ಇಂಗ್ಲಿಷಿನಿಂದ ಕನ್ನಡಕ್ಕೆ. ಅನುವಾದ 2,40,000 ಪದ, ಇತರರ ಅನುವಾದದ ಪರಿಷ್ಕರಣೆ 1,20,000 ಪದ (ಮೂಲ ಪದಗಳ ಲೆಕ್ಕ). 140 ಕೆಲಸಗಳಲ್ಲಿ 134 ಗಡುವಿನೊಳಗೆ.

ಪ್ರಕಾಶನ ಸಂಸ್ಥೆ, ಮೈಸೂರು: ಮೂರು ಪುಸ್ತಕಗಳ ಯೂನಿಕೋಡ್ ಪರಿವರ್ತನೆ, ತಿದ್ದುಪಡಿ, ಪುಟವಿನ್ಯಾಸ. 192 ಪುಟ (ಜನವರಿ–ಮಾರ್ಚ್ 2020), 256 ಪುಟ (ಜೂನ್–ಆಗಸ್ಟ್ 2022), 160 ಪುಟ (ಸೆಪ್ಟೆಂಬರ್–ಅಕ್ಟೋಬರ್ 2023).

ಸಾಕ್ಷ್ಯಚಿತ್ರ ತಂಡ: 52 ನಿಮಿಷದ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್, ಸಮಯ ಹೊಂದಿಸಿದ .srt ಫೈಲ್ (ಜನವರಿ–ಫೆಬ್ರುವರಿ 2023).

ಮುದ್ರಣಾಲಯ, ಶಿವಮೊಗ್ಗ: ಲಗ್ನಪತ್ರಿಕೆ, ಕರಪತ್ರಗಳ ಜೋಡಣೆ, ಆಗಾಗ.

ಹೆಸರಿನ ಜಾಗದಲ್ಲಿ ಏಜೆನ್ಸಿ, ಪ್ರಕಾಶನ ಎಂದು ಇಲ್ಲಿ ಸುಮ್ಮನೆ ಹಾಕಿದ್ದೇನೆ. ಅನುಮತಿ ಇದ್ದರೆ ನೀವು ಹೆಸರನ್ನೇ ಬರೆಯುತ್ತೀರಿ. ಮುದ್ರಣಾಲಯದ ಕೆಲಸಕ್ಕೆ ತಾರೀಖೂ ಇಲ್ಲ ಎಣಿಕೆಯೂ ಇಲ್ಲ, ಏಕೆಂದರೆ ಅದಕ್ಕೆ ಕಾಗದ ಇಲ್ಲ. ಹಾಗೆಯೇ ಬಿಟ್ಟಿದ್ದೇನೆ. ಹುದ್ದೆಯ ಹೆಸರನ್ನೂ ನೋಡಿ. ಒಬ್ಬರೇ ಕೂತು ಮಾಡುವ ಕೆಲಸಕ್ಕೆ "ಸಂಸ್ಥಾಪಕಿ ಮತ್ತು ಸಿಇಒ" ಎಂದು ಬರೆಯುವ ರೂಢಿ ಈಚೆಗೆ ಬಂದಿದೆ. ಅನುವಾದಕಿಯನ್ನು ಹುಡುಕುತ್ತಿರುವವರಿಗೆ ಅನುವಾದಕಿ ಎಂಬ ಪದವೇ ಬೇಕು.

ಕೊನೆಯದಾಗಿ ಪರಿಶೀಲನೆ. ದೊಡ್ಡ ಕಂಪನಿಗಳು ಆಯ್ಕೆಯಾದವರ ಹಿನ್ನೆಲೆ ನೋಡಲು ಹೊರಗಿನ ಏಜೆನ್ಸಿಗೆ ಕೊಡುತ್ತವೆ. ಅವರ ಫಾರ್ಮಿನಲ್ಲಿ ಹಿಂದಿನ ಕಂಪನಿ, ರಿಲೀವಿಂಗ್ ಲೆಟರ್, ಪಿಎಫ್‌ನ ಯುಎಎನ್ ನಂಬರ್ ಕೇಳುತ್ತಾರೆ. ನಿಮ್ಮ ಬಳಿ ಇವು ಯಾವುವೂ ಇಲ್ಲ. ಕಂಪನಿಯ ಜಾಗದಲ್ಲಿ "ಸೆಲ್ಫ್ ಎಂಪ್ಲಾಯ್ಡ್" ಎಂದೇ ಬರೆಯಿರಿ, ದೊಡ್ಡ ಗಿರಾಕಿಯ ಹೆಸರನ್ನು ಕಂಪನಿಯಂತೆ ಹಾಕಬೇಡಿ. ಹಾಕಿದರೆ ಅವರು ಅಲ್ಲಿನ ಎಚ್‌ಆರ್‌ಗೆ ಬರೆಯುತ್ತಾರೆ, ಎಚ್‌ಆರ್ "ನಮ್ಮ ನೌಕರರಲ್ಲ" ಎನ್ನುತ್ತಾರೆ, ವರದಿಯಲ್ಲಿ ಕೆಂಪು ಗುರುತು ಬೀಳುತ್ತದೆ.

ರಿಲೀವಿಂಗ್ ಲೆಟರಿನ ಬದಲು ಕೊಡಬಹುದಾದವು: ಬಿಲ್ಲುಗಳು, ಬಿಲ್ಲಿನ ಹಣ ಬಂದ ಬ್ಯಾಂಕ್ ಪುಟಗಳು, ರಿಟರ್ನ್ಸ್, ಮತ್ತು ಟಿಡಿಎಸ್ ಪ್ರಮಾಣಪತ್ರ. ಈ ಪ್ರಮಾಣಪತ್ರವನ್ನು ಇಷ್ಟು ವರ್ಷ 16A ಎಂದು ಕರೆಯುತ್ತ ಬಂದಿದ್ದೇವೆ. ಅದನ್ನು ನೀವೇ ಇಳಿಸಿಕೊಳ್ಳಲು ಬರುವುದಿಲ್ಲ, ತೆರಿಗೆ ಹಿಡಿದವರು ಮೂರು ತಿಂಗಳಿಗೊಮ್ಮೆ ತೆಗೆದು ಕೊಡಬೇಕು. ಕೇಳಿ ಪಡೆಯಿರಿ. ಅದರಲ್ಲಿ ಕೊಟ್ಟವರ ಹೆಸರು, ನಿಮ್ಮ ಪ್ಯಾನ್, ಅವಧಿ, ಮೊತ್ತ ಎಲ್ಲ ಇರುವುದರಿಂದ ಒಬ್ಬ ಗಿರಾಕಿಗೆ ಒಂದು ಕಾಗದ ಸಾಕಾಗುತ್ತದೆ. 26AS ಹಾಗಲ್ಲ. ಅದರಲ್ಲಿ ಆ ವರ್ಷದ ಎಲ್ಲ ಗಿರಾಕಿಗಳೂ ಮೊತ್ತಗಳೂ ಒಟ್ಟಿಗೆ ಕಾಣುತ್ತವೆ. ಹೆಸರು ಹೇಳಬಾರದ ಗಿರಾಕಿಯೂ ಅದರಲ್ಲಿರಬಹುದು. ಹಾಗಾಗಿ ಮೊದಲು 16A ಕೊಟ್ಟು ನೋಡಿ.

ಒಂದು ಮಿತಿಯನ್ನೂ ಹೇಳಬೇಕು. ವೃತ್ತಿ ಶುಲ್ಕಕ್ಕೆ ಟಿಡಿಎಸ್ ಹಿಡಿಯುವುದು ವರ್ಷದಲ್ಲಿ ಒಬ್ಬ ಗಿರಾಕಿಯಿಂದ ಬಂದದ್ದು ಒಂದು ಮಿತಿ ದಾಟಿದರೆ ಮಾತ್ರ. ಆ ಮಿತಿ 30,000 ರೂಪಾಯಿ ಇತ್ತು, ಏಪ್ರಿಲ್ 2025ರಿಂದ 50,000 ಆಯಿತು. ಚಿಕ್ಕ ಪ್ರಕಾಶಕರ ಬಿಲ್ಲು ಅಷ್ಟು ಮುಟ್ಟುವುದೇ ಅಪರೂಪ. ಮೈಸೂರಿನ ಮೂರು ಪುಸ್ತಕ 26ASನಲ್ಲಿ ಕಾಣುವುದೇ ಇಲ್ಲ ಎಂದರೆ ಗಾಬರಿ ಬೇಡ. ಅಲ್ಲಿ ಪುಸ್ತಕವೇ ಸಾಕ್ಷಿ: ಮುದ್ರಣ ವಿವರದ ಪುಟದಲ್ಲಿ "ಪುಟವಿನ್ಯಾಸ" ಎಂದು ನಿಮ್ಮ ಹೆಸರು ಇದ್ದರೆ ಆ ಪುಟದ ಫೋಟೊ, ಇಲ್ಲದಿದ್ದರೆ ಪ್ರಕಾಶಕರ ಲೆಟರ್‌ಹೆಡ್‌ನಲ್ಲಿ ಪುಸ್ತಕದ ಹೆಸರು, ಪುಟ, ತಾರೀಖು ಹೇಳುವ ನಾಲ್ಕು ಸಾಲಿನ ಪತ್ರ. ಹೊಸ ಪುಸ್ತಕ ಒಪ್ಪಿಕೊಳ್ಳುವಾಗಲೇ ಆ ಪುಟದಲ್ಲಿ ಹೆಸರು ಹಾಕಿಸಿ ಎಂದು ಕೇಳಿ.

ಉಪನ್ಯಾಸದ ಕೊನೆಯಲ್ಲಿ ಹಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಉದ್ಯಮ್ ನೋಂದಣಿ ಮಾಡಿಸಿದರೆ ಸಾಕಲ್ಲವೇ ಎಂದು ಕೇಳಿದರು. ಉದ್ಯಮ್ ನೋಂದಣಿ ಜುಲೈ 2020ರಿಂದ ಇದೆ, ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲಿನಲ್ಲಿ ಶುಲ್ಕವಿಲ್ಲದೆ ಆಗುತ್ತದೆ. ಮಾಡಿಸಿಕೊಳ್ಳಿ, ಬ್ಯಾಂಕಿಗೆ ಹೋದಾಗ ಉಪಯೋಗಕ್ಕೆ ಬರುತ್ತದೆ. ಆದರೆ ಅದರಲ್ಲಿನ ವಿವರ ನೀವೇ ಘೋಷಿಸಿದ್ದು. ನೀವು ಒಂದು ಉದ್ಯಮ ನಡೆಸುತ್ತೀರಿ ಎಂದು ಅದು ಹೇಳುತ್ತದೆ, ಯಾರಿಗೆ ಏನು ಮಾಡಿಕೊಟ್ಟಿರಿ ಎಂದು ಹೇಳುವುದಿಲ್ಲ. ಬಿಲ್ಲಿನ ಜಾಗವನ್ನು ಅದು ತುಂಬಲಾರದು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆ. "ನಾನು ಮಾಡಿದ ಅನುವಾದಕ್ಕೆಲ್ಲ ಬಿಲ್ ಹೋಗಿರುವುದು ನಮ್ಮ ಯಜಮಾನರ ಹೆಸರಿನಲ್ಲಿ. ಅವರ ಪ್ಯಾನ್, ಅವರ ಅಕೌಂಟು. ಈಗ ನನ್ನ ಕೆಲಸ ಅಂತ ಹೇಗೆ ತೋರಿಸಲಿ, ಸರ್?"

ಅನೇಕ ಮನೆಗಳಲ್ಲಿ ಹೀಗಾಗಿದೆ ಎಂದು ನನಗೆ ಗೊತ್ತು. ಆಗ ಅನುಕೂಲ ಅನ್ನಿಸಿದ್ದು ಈಗ ಆಕೆಯ ದುಡಿಮೆಯನ್ನೇ ಕಾಗದದಿಂದ ಅಳಿಸಿಹಾಕಿದೆ. ಅಮ್ಮಾ, ಹಳೆಯ ತೆರಿಗೆ ಕಾಗದವನ್ನು ನಿಮ್ಮ ಹೆಸರಿಗೆ ತಿರುಗಿಸುವ ದಾರಿ ಹುಡುಕಬೇಡಿ, ಅವನ್ನು ಪರಿಶೀಲನೆಗೂ ಕೊಡಬೇಡಿ. ನಿಮ್ಮ ಮೇಲ್ ಐಡಿಯಿಂದ ಫೈಲ್ ಹೋಗಿದೆಯೇ? ಏಜೆನ್ಸಿಯವರು ತಿದ್ದುಪಡಿ ಕೇಳಿ ಬರೆದದ್ದು ನಿಮಗೇ ಅಲ್ಲವೇ? ಹಾಗಿದ್ದರೆ ಆ ಮೇಲ್‌ಗಳನ್ನು ತಾರೀಖಿನ ಪ್ರಕಾರ ಪಿಡಿಎಫ್ ಮಾಡಿಟ್ಟುಕೊಳ್ಳಿ. ಕೋಆರ್ಡಿನೇಟರ್ ಬಳಿ ಒಂದು ಪತ್ರ ಕೇಳಿ: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಅನುವಾದ ಮಾಡಿದ್ದು ಇವರು, ಹಣ ಪಾವತಿಯಾದದ್ದು ಇವರ ಪತಿಯ ಖಾತೆಗೆ ಎಂದು ಇರುವುದನ್ನು ಇರುವಂತೆಯೇ ಬರೆದುಕೊಡಲಿ. ಅರ್ಜಿ ಹಾಕಿದ ಕಡೆ ಅವರು ಕೇಳುವ ಮೊದಲೇ ನೀವೇ ಇದನ್ನು ಹೇಳಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪದೇ ಇರಬಹುದು. ಮತ್ತು ಈ ವಾರವೇ ನಿಮ್ಮ ಪ್ಯಾನ್ ಮತ್ತು ನಿಮ್ಮ ಬ್ಯಾಂಕ್ ಖಾತೆಯನ್ನು ಏಜೆನ್ಸಿಗೆ ಕೊಟ್ಟು, ಮುಂದಿನ ಬಿಲ್ಲನ್ನು ನಿಮ್ಮ ಹೆಸರಿನಲ್ಲಿ ಕಳಿಸಿ. ಒಂದನೇ ನಂಬರಿನಿಂದ ಶುರು ಮಾಡಿ, ಕೆಲಸದ ಅವಧಿ ಎಂಬ ಸಾಲನ್ನು ಮರೆಯಬೇಡಿ.